ಲೇಸ್ ಚಾರ್ಟ್: ಕುಣಿಕೆ ಲೆಕ್ಕ ಸರಿ ಇದ್ರೂ ಡಿಸೈನ್ ಯಾಕೆ ತಪ್ಪುತ್ತೆ?

ಲೇಸ್ ಹೆಣಿಗೆಯ ಚಂದವೆಲ್ಲ ತೂತಿನಲ್ಲಿದೆ. ಆದರೆ ಒಂದೊಂದು ತೂತಿಗೂ ಒಂದೊಂದು ಖರ್ಚಿದೆ. ಕಡ್ಡಿಯ ಮೇಲೆ ನೂಲನ್ನು ಸುಮ್ಮನೆ ಒಂದು ಸುತ್ತು ಹಾಕಿಕೊಂಡು ಮುಂದಿನ ಕುಣಿಕೆ ಹೆಣೆದರೆ ಅಲ್ಲೊಂದು ತೂತು ಬರುತ್ತೆ, ಜೊತೆಗೆ ಒಂದು ಕುಣಿಕೆ ಹೆಚ್ಚಾಗುತ್ತೆ. ಇದಕ್ಕೇ ಯಾರ್ನ್ ಓವರ್ ಅನ್ನೋದು. ನಾನು ಇಲ್ಲಿ ‘ಸುತ್ತು’ ಅಂತಲೇ ಕರೀತೀನಿ. 61 ಕುಣಿಕೆಯ ಸಾಲಿನಲ್ಲಿ 20 ಸುತ್ತು ಹಾಕಿ ಬೇರೇನೂ ಮಾಡದಿದ್ದರೆ ಸಾಲು ಮುಗಿಯೋ ಹೊತ್ತಿಗೆ 81 ಆಗಿರುತ್ತೆ. ಹಾಗೇ ನಾಲ್ಕು ಸಾಲು ಹೋದರೆ ಅದು ಸ್ಕಾರ್ಫ್ ಆಗಿರಲ್ಲ, ಲಂಗದ ಫ್ರಿಲ್ ಆಗಿರುತ್ತೆ. ಅದಕ್ಕೇ ಅದೇ ಸಾಲಿನಲ್ಲಿ 20 ಕುಣಿಕೆಗಳನ್ನು ಕಳೆಯಬೇಕು. ಪಕ್ಕದ ಎರಡನ್ನು ಸೇರಿಸಿ ಒಂದು ಮಾಡಿದರೆ ಒಂದು ಕಳೆಯಿತು, ಮೂರನ್ನು ಸೇರಿಸಿ ಒಂದು ಮಾಡಿದರೆ ಎರಡು ಕಳೆಯಿತು. ಈ ಕಳೆಯೋದಕ್ಕೆ ‘ಇಳಿಕೆ’ ಅನ್ನೋಣ.

ಇಷ್ಟು ವಿಷಯ ಸ್ವೆಟರ್ ಹೆಣೆದು ಅಭ್ಯಾಸ ಇರೋರಿಗೆಲ್ಲ ಗೊತ್ತು. ಆದರೂ ಲೇಸ್ ಅಂದ ತಕ್ಷಣ ಕೈ ಹಿಂದೆ ಸರಿಯುತ್ತೆ. ಕಾರಣ ಚಾರ್ಟ್. ಚೌಕದ ಕಾಗದದ ಮೇಲೆ ಸೊನ್ನೆ, ಓರೆಗೆರೆ, ಚುಕ್ಕಿ ನೋಡಿದರೆ ಇದೇನೋ ಇಂಜಿನಿಯರಿಂಗ್ ಡ್ರಾಯಿಂಗ್ ಅನ್ಸುತ್ತೆ. ಇಂಜಿನಿಯರಿಂಗ್ ಓದಿದವಳಾಗಿ ಹೇಳ್ತೀನಿ, ಇದು ಅದಕ್ಕಿಂತ ನಮ್ಮ ಚುಕ್ಕಿ ರಂಗೋಲಿಗೇ ಹತ್ತಿರ. ‘15 ಚುಕ್ಕಿ, 8ಕ್ಕೆ ನಿಲ್ಲಿಸಿ, ಸಂದು ಚುಕ್ಕಿ’ ಅಂತ ಒಂದು ಮಾತು ಹೇಳಿದರೆ ಸಾಕು, ನಮ್ಮ ಕಡೆ ಹೆಂಗಸರ ಕಣ್ಣ ಮುಂದೆ ಇಡೀ ಅಂಗಳ ಬಂದು ನಿಲ್ಲುತ್ತೆ. ಚಾರ್ಟ್ ಮಾಡೋದೂ ಅದನ್ನೇ. ಹಿಂದೆ ಇಂಗ್ಲಿಷ್ ಹೆಣಿಗೆ ಪುಸ್ತಕಗಳಲ್ಲಿ ಪ್ರತಿ ಸಾಲನ್ನೂ ಉದ್ದಕ್ಕೆ ಮಾತಿನಲ್ಲೇ ಬರೆಯೋ ರೂಢಿ ಹೆಚ್ಚಿತ್ತು. ಅಮೆರಿಕದ ಬಾರ್ಬರಾ ವಾಕರ್ 1968ರಲ್ಲಿ ತಂದ ದೊಡ್ಡ ಡಿಸೈನ್ ಸಂಗ್ರಹದಲ್ಲೂ ಸಾಲುಗಳು ಮಾತಿನಲ್ಲೇ ಇದ್ದವು. 1972ರಲ್ಲಿ ಬಂದ ಅವರ ಇನ್ನೊಂದು ಪುಸ್ತಕ ಪೂರ್ತಿ ಚಾರ್ಟ್‌ಗಳದ್ದು. ಮಾತಿನಲ್ಲಿ ಬರೆದ ಸಾಲು ಈಗ ಏನು ಮಾಡಬೇಕು ಅಂತ ಹೇಳುತ್ತೆ. ಆದರೆ ನೀವು ಮಾಡಿದ್ದು ಕೆಳಗಿನ ಸಾಲಿನ ಮೇಲೆ ಸರಿಯಾಗಿ ಕೂತಿದೆಯಾ ಅಂತ ತೋರಿಸೋದು ಚಾರ್ಟ್ ಮಾತ್ರ.

ಆ ಎರಡನೇ ಕೆಲಸ ಎಷ್ಟು ಮುಖ್ಯ ಅನ್ನೋದಕ್ಕೆ ನಮ್ಮ ಚಿಗವ್ವನ ಸ್ಕಾರ್ಫ್‌ನ ಕತೆಯನ್ನೇ ತಗೋತೀನಿ.

ಚಿಗವ್ವ ಇರೋದು ಹರಪನಹಳ್ಳಿ ತಾಲೂಕಿನ ಬಾಗಳಿಯಲ್ಲಿ, ಕಲ್ಲೇಶ್ವರ ಗುಡಿ ಇರೋ ಊರು. ಮಗಳು ಹೆರಿಗೆಗೆ ತವರಿಗೆ ಬರೋಳಿದ್ದಳು. ಬಾಣಂತಿ ತಲೆಗೆ, ಕಿವಿಗೆ ಕಟ್ಟಿಕೊಳ್ಳೋದಕ್ಕೆ ಅಂತ ದಾವಣಗೆರೆಯಿಂದ ಮೆತ್ತನೆಯ ಬೇಬಿ ಉಲ್ಲನ್ ತಂದು ಲೇಸ್ ಸ್ಕಾರ್ಫ್ ಶುರು ಮಾಡಿದ್ದಳು. (‘ತೂತಿನ ಬಟ್ಟಿ ಕಟ್ಕೊಂಡ್ರ ಗಾಳಿ ಹೊಗಂಗಿಲ್ಲೇನು’ ಅಂತ ಅಜ್ಜಿ ಕೇಳಿದ್ದು ನ್ಯಾಯವೇ. ಎರಡು ಮಡಿಕೆ ಮಾಡಿ ಕಟ್ಟಿದರೆ ಬೆಚ್ಚಗಿರುತ್ತೆ.) ತಂದ ಉಂಡೆಗಳು ಲೆಕ್ಕಕ್ಕೆ ಸರಿಯಾಗಿದ್ದವು, ಅದೇ ಲಾಟ್‌ನ ಅದೇ ಬಣ್ಣ ಮತ್ತೆ ಸಿಗೋ ಖಾತ್ರಿ ಇರಲಿಲ್ಲ. ಕತ್ತರಿಸಿ ಬಿಸಾಕಿ ಹೊಸದಾಗಿ ಶುರು ಮಾಡೋ ಹಾಗಿಲ್ಲ. ಚಾರ್ಟನ್ನು ನಾನೇ ಬರೆದು ಫೋನಿಗೆ ಕಳಿಸಿದ್ದೆ. ಅದರ ಚಿಕ್ಕ ರೂಪ, 13 ಕುಣಿಕೆಗೆ, ಇಲ್ಲಿದೆ:

```
. = ಸೀದಾ     O = ಸುತ್ತು     ^ = ಮೂರರ ಇಳಿಕೆ
/ = ಬಲಕ್ಕೆ ವಾಲೋ ಇಳಿಕೆ     \ = ಎಡಕ್ಕೆ ವಾಲೋ ಇಳಿಕೆ

\ O . . . O ^ O . . . O /   7
. \ O . O / . \ O . O / .   5
. . O ^ O . . . O ^ O . .   3
. O / . \ O . O / . \ O .   1
```

ಸಾಲಿನ ಸಂಖ್ಯೆ ಬಲಗಡೆ ಇದೆ, ಅಂದ್ರೆ ಬಲದಿಂದ ಎಡಕ್ಕೆ ಓದಬೇಕು. ನಾವು ಕಡ್ಡಿಯ ಮೇಲೆ ಹೆಣೆಯೋದೂ ಬಲದಿಂದ ಎಡಕ್ಕೇ. ಕೆಳಗಿನ ಸಾಲು ಮೊದಲು, ಬಟ್ಟೆ ಬೆಳೆಯೋ ಹಾಗೆ ಚಾರ್ಟೂ ಮೇಲಕ್ಕೆ ಬೆಳೆಯುತ್ತೆ. 2, 4, 6, 8ನೇ ಸಾಲು ಚಾರ್ಟ್‌ನಲ್ಲಿ ಇಲ್ಲ. ಅವು ಹಿಂಬದಿ ಸಾಲುಗಳು, ಎಲ್ಲ ಕುಣಿಕೆಯನ್ನೂ ಉಲ್ಟಾ ಹೆಣೆದುಕೊಂಡು ಬರೋದಷ್ಟೇ, ಸುತ್ತನ್ನೂ ಒಂದು ಕುಣಿಕೆ ಅಂತಲೇ ಹೆಣೆಯೋದು. ಎಂಟು ಸಾಲಾದ ಮೇಲೆ ಮತ್ತೆ ಒಂದರಿಂದ.

ಇಳಿಕೆಗಳ ಬಗ್ಗೆ ಒಂದು ಮಾತು. ಬಲಕ್ಕೆ ವಾಲೋದು ಸುಲಭ, ಎರಡು ಕುಣಿಕೆಗೆ ಒಟ್ಟಿಗೆ ಕಡ್ಡಿ ಚುಚ್ಚಿ ಸೀದಾ ಹೆಣೆಯೋದು. ಎಡಕ್ಕೆ ವಾಲೋದಕ್ಕೆ ಎರಡು ಕುಣಿಕೆಗಳನ್ನು ಸೀದಾ ಹೆಣೆಯೋ ಹಾಗೆ ಒಂದೊಂದಾಗಿ ಬಲಗಡ್ಡಿಗೆ ಜಾರಿಸಿಕೊಂಡು, ಎಡಗಡ್ಡಿಯನ್ನು ಅವುಗಳ ಮುಂಭಾಗಕ್ಕೆ ತೂರಿಸಿ ಒಟ್ಟಿಗೆ ಹೆಣೀಬೇಕು. ಮೂರರ ಇಳಿಕೆಗೆ ಎರಡನ್ನು ಒಟ್ಟಿಗೆ ಜಾರಿಸಿ, ಮೂರನೆಯದನ್ನು ಸೀದಾ ಹೆಣೆದು, ಜಾರಿಸಿದ ಎರಡನ್ನೂ ಅದರ ಮೇಲಿಂದ ದಾಟಿಸೋದು. ಹೀಗೆ ಮಾಡಿದರೆ ಮೂರರಲ್ಲಿ ನಡುವಿನ ಕುಣಿಕೆ ಮೇಲೆ ಬಂದು ನೆಟ್ಟಗೆ ನಿಲ್ಲುತ್ತೆ. ಮೂರನ್ನೂ ಸುಮ್ಮನೆ ಒಟ್ಟಿಗೆ ಹೆಣೆದರೂ ಲೆಕ್ಕ ಅಷ್ಟೇ, ಆದರೆ ಶಿಖರ ಬಲಕ್ಕೆ ವಾಲುತ್ತೆ.

ಈಗ ಬಹಳ ಜನ ಎಡವೋ ಜಾಗಕ್ಕೆ ಬರೋಣ. ಚಾರ್ಟ್‌ನ ಒಂದು ಮನೆ ಅಂದ್ರೆ ಒಂದು ಕುಣಿಕೆ, ನಿಜ. ಆದರೆ ಯಾವಾಗಿನ ಕುಣಿಕೆ? ಹೆಣೆದು ಮುಗಿದ ಮೇಲೆ ಬಲಗಡ್ಡಿಯಲ್ಲಿ ಇರೋ ಕುಣಿಕೆ, ಎಡಗಡ್ಡಿಯಿಂದ ತೆಗೆದುಕೊಂಡದ್ದಲ್ಲ. ಸೀದಾ ಮನೆ ಒಂದು ತಗೊಂಡು ಒಂದು ಕೊಡುತ್ತೆ. ಸುತ್ತಿನ ಮನೆ ಏನೂ ತಗೊಳ್ಳದೆ ಒಂದು ಕೊಡುತ್ತೆ. ಓರೆಗೆರೆಯ ಮನೆ ಎರಡು ತಗೊಂಡು ಒಂದು ಕೊಡುತ್ತೆ. ಮೂರರ ಇಳಿಕೆ ಮೂರು ತಗೊಂಡು ಒಂದೇ ಕೊಡುತ್ತೆ. ಹಾಗಾಗಿ ಪ್ರತಿ ಸಾಲಿಗೂ ಎರಡು ಲೆಕ್ಕ ಇದೆ, ತಗೊಂಡದ್ದು ಮತ್ತು ಕೊಟ್ಟದ್ದು. ಚಾರ್ಟ್‌ನ ಮನೆಗಳನ್ನು ಎಣಿಸಿದರೆ ಸಿಗೋದು ಕೊಟ್ಟದ್ದರ ಲೆಕ್ಕ ಮಾತ್ರ.

ಮೊದಲ ಸಾಲನ್ನೇ ಬಲದಿಂದ ಓದಿ ನೋಡಿ. ಸೀದಾ ಒಂದು, ಸುತ್ತು, ಎಡವಾಲು, ಸೀದಾ ಒಂದು, ಬಲವಾಲು, ಸುತ್ತು. ಕೊಟ್ಟದ್ದು ಆರು ಮನೆ. ತಗೊಂಡದ್ದು ಒಂದು, ಸೊನ್ನೆ, ಎರಡು, ಒಂದು, ಎರಡು, ಸೊನ್ನೆ, ಅಂದ್ರೆ ಅದೂ ಆರು. ಇದು ಒಂದು ಆವರ್ತನೆ. ಇದೇ ಆರು ಮತ್ತೆ ಮತ್ತೆ ಬಂದು ಕೊನೆಗೆ ಒಂದು ಸೀದಾ ಉಳಿಯುತ್ತೆ. ಹಾಗಾಗಿ ಆರರ ಮಗ್ಗಿಗೆ ಒಂದು ಸೇರಿಸಿದ ಯಾವ ಸಂಖ್ಯೆಗೂ ಈ ಚಾರ್ಟ್ ಹೊಂದುತ್ತೆ: 13, 19, 25, ಚಿಗವ್ವ ಹಾಕಿಕೊಂಡಿದ್ದ 61. ಅಂಚು ಸುರುಳಿ ಸುತ್ತದಿರಲಿ ಅಂತ ಎರಡೂ ಬದಿಗೆ ಮೂರು ಮೂರು ಕುಣಿಕೆ ಬೇರೆ ಇದ್ದವು, ಒಟ್ಟು 67. ಆ ಅಂಚಿನ ಕುಣಿಕೆಗಳನ್ನು ಎರಡೂ ಕಡೆಯಿಂದ ಸೀದಾ ಹೆಣೀತಾ ಹೋಗೋದು, ಲೇಸ್ ಲೆಕ್ಕಕ್ಕೆ ಅವು ಬರಲ್ಲ.

ಮೂರನೇ ಸಾಲಿನಲ್ಲಿ ಎರಡು ಸುತ್ತಿಗೆ ಒಂದು ಮೂರರ ಇಳಿಕೆ. ಐದರಲ್ಲಿ ಮತ್ತೆ ಎರಡಕ್ಕೆ ಎರಡು. ಇಲ್ಲಿವರೆಗೆ ಎಲ್ಲ ಸಲೀಸು.

ಏಳನೇ ಸಾಲು ಬೇರೆ ಥರ. ಮೂರನೇ ಸಾಲಿನಲ್ಲಿ ಶಿಖರ ಇದ್ದದ್ದು ಆವರ್ತನೆಯ ನಡುವೆ. ಏಳರಲ್ಲಿ ಅದು ಎರಡು ಆವರ್ತನೆಗಳ ಗಡಿಯ ಮೇಲೆ ಬರುತ್ತೆ, ಇಟ್ಟಿಗೆ ಗೋಡೆಯಲ್ಲಿ ಮೇಲಿನ ಇಟ್ಟಿಗೆ ಕೆಳಗಿನ ಸಂದಿಯ ಮೇಲೆ ಕೂರೋ ಹಾಗೆ. ಗಡಿಯ ಮೇಲಿನ ಶಿಖರಕ್ಕೆ ಈ ಕಡೆಯಿಂದ ಒಂದು ಕುಣಿಕೆ, ಗಡಿಯಾಚೆಯಿಂದ ಎರಡು ಬೇಕು. ಆದರೆ ಸಾಲಿನ ಎರಡು ತುದಿಗಳಲ್ಲಿ ಗಡಿಯಾಚೆ ಅಂತ ಏನೂ ಇಲ್ಲ. ಅಲ್ಲಿ ಅರ್ಧ ಶಿಖರಕ್ಕೆ ಮಾತ್ರ ಜಾಗ. ಅದಕ್ಕೇ ಶುರುವಿನಲ್ಲಿ ಒಂದು ಬಲವಾಲು, ಕೊನೆಯಲ್ಲಿ ಒಂದು ಎಡವಾಲು. 61 ಕುಣಿಕೆಯಲ್ಲಿ ಲೆಕ್ಕ ಹಾಕಿದರೆ 20 ಸುತ್ತು ಬಂತು. ಒಳಗಿನ ಒಂಬತ್ತು ಗಡಿಗಳಲ್ಲಿ ಒಂಬತ್ತು ಮೂರರ ಇಳಿಕೆ, ಅಂದ್ರೆ 18 ಕಳೆಯಿತು. ತುದಿಗಳಲ್ಲಿ ಒಂದೊಂದು, ಅಲ್ಲಿಗೆ 20. ಸಮ.

ಚಿಗವ್ವ ಎರಡು ಸಲ ಎಂಟು ಸಾಲು ಚೆನ್ನಾಗೇ ಮುಗಿಸಿದ್ದಳು. ಮೂರನೇ ಸುತ್ತಿನ ಏಳನೇ ಸಾಲು, ಅಂದ್ರೆ ಒಟ್ಟು ಲೆಕ್ಕದಲ್ಲಿ 23ನೇ ಸಾಲು, ಸಂಜೆ ಕರೆಂಟ್ ಹೋಗಿ ಬಂದು ಮಾಡೋ ಹೊತ್ತಿನಲ್ಲಿ ಹೆಣೆದದ್ದು. ಮತ್ತೆ ಐದು ಸಾಲು ಹೋಗಿ 28 ಮುಗಿಸಿ ಬಟ್ಟೆ ಬಿಡಿಸಿ ನೋಡಿದಾಗ ಒಂದು ಪಟ್ಟಿಯ ಶಿಖರಗಳೆಲ್ಲ ಒಂದು ಪಕ್ಕಕ್ಕೆ ಸರಿದ ಹಾಗೆ ಕಂಡವು. ಫೋನ್ ಬಂತು.

‘ಯವ್ವಾ, ನಾಕ್ ಸಲ ಎಣಿಸೀನಿ. ಅರವತ್ತೊಂದ ಐತಿ. ಒಂದೂ ಹೆಚ್ಚಿಲ್ಲ, ಒಂದೂ ಕಮ್ಮಿ ಇಲ್ಲ. ಮತ್ತ ತಪ್ಪ ಎಲ್ಲೈತಿ?’

ವಿಡಿಯೋ ಕಾಲ್‌ನಲ್ಲಿ ಲೇಸ್ ಓದೋದು ಕಷ್ಟ. ಕಪ್ಪು ಸೀರೆಯ ಮೇಲೆ ಬಟ್ಟೆ ಹರಡಿಸಿ, ಫೋಟೋ ತೆಗೆಸಿಕೊಂಡು, ಚಾರ್ಟ್ ಪಕ್ಕ ಇಟ್ಟು ನೋಡಿದೆ. 23ನೇ ಸಾಲಿನ ಮೊದಲ ಕುಣಿಕೆ ನೆಟ್ಟಗಿತ್ತು. ಅಲ್ಲಿ ಇರಬೇಕಾದದ್ದು ಬಲಕ್ಕೆ ವಾಲಿದ ಕುಣಿಕೆ. ಅಂದ್ರೆ ಶುರುವಿನ ಅರ್ಧ ಶಿಖರದ ಬದಲು ಚಿಗವ್ವ ಒಂದೇ ಒಂದು ಸೀದಾ ಹೆಣೆದು ಮುಂದೆ ಹೋಗಿದ್ದಾಳೆ. ಮಿಕ್ಕ ಮೂರು ಸಾಲೂ ಸೀದಾದಿಂದಲೇ ಶುರುವಾಗೋದ್ರಿಂದ ಕೈಗೆ ಅದೇ ಅಭ್ಯಾಸ.

ಹಾಗಿದ್ರೆ ಕೊನೆಯಲ್ಲಿ ಒಂದು ಹೆಚ್ಚಾಗಬೇಕಿತ್ತಲ್ಲ? ಇಲ್ಲೇ ಮಜಾ ಇರೋದು. ಮೊದಲ ಸೀದಾ ಒಂದು ಕುಣಿಕೆ ತಗೊಂಡಿತು. ಆಮೇಲೆ ‘ಸುತ್ತು, ಸೀದಾ ಮೂರು, ಸುತ್ತು, ಮೂರರ ಇಳಿಕೆ’ ಒಂಬತ್ತು ಸಲ ಬಂತು, ಸಲಕ್ಕೆ ಆರರಂತೆ 54 ತಗೊಂಡಿತು. ಅಲ್ಲಿಗೆ 55. ಆಮೇಲೆ ಸುತ್ತು, ಸೀದಾ ಮೂರು, ಸುತ್ತು, ಅಲ್ಲಿಗೆ 58. ಚಾರ್ಟ್ ಪ್ರಕಾರ ಈಗ ಎರಡು ಕುಣಿಕೆ ಉಳಿದು ಅದನ್ನು ಎಡವಾಲು ಮಾಡಬೇಕು. ಚಿಗವ್ವನಿಗೆ ಮೂರು ಉಳಿದವು. ಇಷ್ಟು ಹೊತ್ತೂ ಸುತ್ತಾದ ಮೇಲೆ ಮೂರರ ಇಳಿಕೆ ಮಾಡಿಕೊಂಡೇ ಬಂದ ಕೈ, ಅಲ್ಲೂ ಮೂರನ್ನೇ ಸೇರಿಸಿಬಿಟ್ಟಿತು. ಸುತ್ತು ಇಪ್ಪತ್ತು, ಮೂರರ ಇಳಿಕೆ ಹತ್ತು, ಅಂದ್ರೆ ಕಳೆದದ್ದೂ ಇಪ್ಪತ್ತು. ಕಡ್ಡಿಯ ಮೇಲೆ 61. ಶುರುವಿನಲ್ಲಿ ಒಂದು ಕಡಿಮೆ ಕಳೆದದ್ದು ಕೊನೆಯಲ್ಲಿ ಒಂದು ಹೆಚ್ಚು ಕಳೆದದ್ದರಲ್ಲಿ ಮುಚ್ಚಿಹೋಯಿತು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಇಟ್ಟವರಿಗೆ ಇದು ಗೊತ್ತಿರುತ್ತೆ. ಒಬ್ಬರ ಬಾಕಿಯನ್ನು ಇನ್ನೊಬ್ಬರ ಹೆಸರಿಗೆ ಬರೆದರೆ ತಿಂಗಳ ಒಟ್ಟು ಮೊತ್ತ ಸರಿಯಾಗೇ ಬರುತ್ತೆ.

ಹಾಗಾದರೆ ಈ ತಪ್ಪನ್ನು ಆಗಲೇ ಹಿಡಿಯೋದು ಹೇಗಿತ್ತು? ಎರಡು ದಾರಿ ಇದ್ದವು.

ಒಂದು, ಇಳಿಕೆ ಮಾಡೋ ಮುಂಚೆ ಎಡಗಡ್ಡಿಯ ಮೇಲಿನ ಮೂರು ಕುಣಿಕೆಗಳ ಮುಖ ನೋಡೋದು. ಚಾರ್ಟ್‌ನಲ್ಲಿ ಏಳನೇ ಸಾಲಿನ ^ ಗುರುತಿನ ಕೆಳಗೆ ಐದನೇ ಸಾಲಿನಲ್ಲಿ ಏನಿದೆ ನೋಡಿ. ನಟ್ಟ ನಡುವೆ ಸೀದಾ, ಅದರ ಎರಡು ಪಕ್ಕಕ್ಕೆ ಎರಡು ಓರೆಗೆರೆ. ಅಂದ್ರೆ ಸೇರಿಸಬೇಕಾದ ಮೂರರಲ್ಲಿ ನಡುವಿನದು ನೆಟ್ಟಗಿರಬೇಕು, ಪಕ್ಕದ ಎರಡೂ ಅದರ ಕಡೆಗೆ ತಲೆ ಬಾಗಿಸಿಕೊಂಡಿರಬೇಕು. ಚಿಗವ್ವ ಸೇರಿಸಿದ ಮೂರರಲ್ಲಿ ಮೊದಲನೆಯದು ಐದನೇ ಸಾಲಿನ ಸುತ್ತು, ಅಂದ್ರೆ ತೂತು. ಇಳಿಕೆಯ ಒಳಗೆ ತೂತು ಬಂತು ಅಂದ್ರೆ ಈ ಡಿಸೈನ್‌ನ ಏಳನೇ ಸಾಲಿನಲ್ಲಿ ತಪ್ಪು ಖಂಡಿತ. ಹಾಗೇ ‘ಸೀದಾ ಮೂರು’ ಬರೋ ಜಾಗದಲ್ಲಿ ಕೆಳಗೆ ತೂತು, ಕುಣಿಕೆ, ತೂತು ಇರಬೇಕು. ಇದನ್ನು ನೋಡೋಕೆ ಅರೆಕ್ಷಣ ಸಾಕು, ಎಣಿಸೋದೇ ಬೇಡ.

ಒಂದನೇ ಮತ್ತು ಐದನೇ ಸಾಲಿಗೆ ಇನ್ನೂ ಸುಲಭದ ಗುರುತಿದೆ. ಎರಡು ಸುತ್ತುಗಳ ನಡುವೆ ಒಂಟಿಯಾಗಿ ಬರೋ ಸೀದಾ ಕುಣಿಕೆ ಯಾವಾಗಲೂ ಕೆಳಗಿನ ಶಿಖರದ ನೆತ್ತಿಯ ಮೇಲೇ ಕೂರಬೇಕು. ಐದನೇ ಸಾಲಿನದು ಮೂರನೇ ಸಾಲಿನ ಶಿಖರದ ಮೇಲೆ, ಒಂದನೇ ಸಾಲಿನದು ಹಿಂದಿನ ಏಳರ ಶಿಖರದ ಮೇಲೆ. ಮೊಟ್ಟಮೊದಲ ಎಂಟು ಸಾಲಿನಲ್ಲಿ ಮಾತ್ರ ಒಂದನೇ ಸಾಲಿಗೆ ಕೆಳಗೆ ಶಿಖರ ಇರಲ್ಲ. ಆದರೆ ಚಿಗವ್ವನ ಕೇಸಿನಲ್ಲಿ ಈ ಗುರುತು ಸಹಾಯಕ್ಕೆ ಬರ್ತಿರಲಿಲ್ಲ. ಯಾಕಂದ್ರೆ ತಗೊಂಡದ್ದು ತಪ್ಪಾದರೂ ಕೊಟ್ಟ ಕುಣಿಕೆಗಳ ಜಾಗ ಚಾರ್ಟ್‌ನ ಮನೆಗಳಿಗೇ ಹೊಂದಿತ್ತು, ಏಳನೆಯ ಕುಣಿಕೆಯೇ ಶಿಖರ. ಹಾಗಾಗಿ 25ನೇ ಸಾಲು ಅನುಮಾನವೇ ಬರದ ಹಾಗೆ ನಡೆದುಹೋಯಿತು.

ಎರಡನೇ ದಾರಿ ಮಾರ್ಕರ್. ಪ್ಲಾಸ್ಟಿಕ್ ರಿಂಗೇ ಬೇಕಂತಿಲ್ಲ, ಬೇರೆ ಬಣ್ಣದ ದಾರದ ಪುಟ್ಟ ಉಂಗುರ ಗಂಟು ಹಾಕಿಕೊಂಡರೂ ಆಯ್ತು. ಅಂಚು ಬಿಟ್ಟು ಆರು ಕುಣಿಕೆಗೊಂದರಂತೆ ಒಂಬತ್ತು ಉಂಗುರ ಹಾಕಿದರೆ ಹತ್ತು ಕೋಣೆ ಆಗುತ್ತೆ, ಒಂಬತ್ತರಲ್ಲಿ ಆರಾರು ಕುಣಿಕೆ, ಕೊನೆಯದರಲ್ಲಿ ಏಳು. ಚಿಗವ್ವ ಅಂಚಿನ ಗುರುತಿಗೆ ಮಾತ್ರ ಎರಡು ಉಂಗುರ ಹಾಕಿದ್ದಳು. ಒಳಗೆ ಯಾಕೆ ಹಾಕಿಲ್ಲ ಅಂದ್ರೆ ‘ಏಳನೇ ಸಾಲಿನಾಗ ಅಡ್ಡ ಬರ್ತಾವ’ ಅಂದಳು. ಅಡ್ಡ ಬರೋದು ಹೌದು. ಶಿಖರ ಗಡಿಯ ಮೇಲೇ ಇರೋದ್ರಿಂದ ಉಂಗುರ ಸರಿಯಾಗಿ ಆ ಮೂರು ಕುಣಿಕೆಗಳ ಮಧ್ಯೆ ಸಿಕ್ಕಿಕೊಳ್ಳುತ್ತೆ. ಆದರೆ ಅಡ್ಡ ಬರೋದೇ ಅದರ ಉಪಯೋಗ. ಸರಿಯಾಗಿ ನಡೆದಿದ್ದರೆ ಉಂಗುರಕ್ಕಿಂತ ಮೊದಲು ಒಂದೇ ಒಂದು ಕುಣಿಕೆ ಉಳಿದಿರುತ್ತೆ, ಉಂಗುರ ಮೂರರಲ್ಲಿ ಮೊದಲನೆಯದಾದ ಮೇಲೆ ಬರುತ್ತೆ. ಚಿಗವ್ವನ ಸಾಲಿನಲ್ಲಿ ಎರಡು ಉಳಿದಿರುತ್ತಿದ್ದವು. ಅಂಚು ದಾಟಿ ಮೊದಲ ಎರಡು ಬೆರಳಗಲದಲ್ಲೇ ಗೊತ್ತಾಗುತ್ತಿತ್ತು, ಏಳೆಂಟು ಕುಣಿಕೆ ಬಿಚ್ಚಿದರೆ ಮುಗೀತಿತ್ತು. ಉಂಗುರ ಬಂದಾಗ ಮಾಡಬೇಕಾದದ್ದು ಇಷ್ಟು: ಅದನ್ನು ತೆಗೆದುಕೊಳ್ಳಿ, ಈಗಷ್ಟೇ ಹಾಕಿದ ಸುತ್ತಿನ ನಂತರ ಬಲಗಡ್ಡಿಗೆ ಹಾಕಿ, ಆಮೇಲೆ ಮೂರರ ಇಳಿಕೆ ಮಾಡಿ. ಕೋಣೆಗಳು ಮತ್ತೆ ಆರಾರೇ ಆಗಿರುತ್ತವೆ.

ಉಂಗುರ ಇದ್ದರೆ ಉಲ್ಟಾ ಸಾಲಿನ ರೂಪವೇ ಬದಲಾಗುತ್ತೆ. ಅದು ಬರೀ ವಾಪಸ್ ಬರೋ ಸಾಲಲ್ಲ, ಲೆಕ್ಕದ ಸಾಲು. ಹಿಂಬದಿಯಿಂದ ಬರೋದ್ರಿಂದ ಮೊದಲು ಏಳರ ಕೋಣೆ ಸಿಗುತ್ತೆ, ಆಮೇಲೆ ಎಲ್ಲ ಆರು. ಅರವತ್ತೊಂದರ ತನಕ ಎಣಿಸೋ ಕೆಲಸ ಇಲ್ಲ. ಯಾರೋ ಮಾತಾಡಿಸಿದರು, ಒಲೆ ಮೇಲೆ ಹಾಲು ಉಕ್ಕಿತು, ಎದ್ದು ಹೋಗಿ ಬಂದರೂ ಆರೇ ತಾನೇ ಎಣಿಸೋದು.

ಕೋಣೆಯಲ್ಲಿ ಆರರ ಬದಲು ಬೇರೆ ಸಂಖ್ಯೆ ಬಂದರೆ ಅದೇ ಕಾಯಿಲೆಯ ಹೆಸರು ಹೇಳುತ್ತೆ. ಒಂದು ಕೋಣೆಯಲ್ಲಿ ಏಳು, ಪಕ್ಕದ್ದರಲ್ಲೇ ಐದು ಇದ್ದರೆ ಗಾಬರಿ ಬೇಡ. ಗಡಿಯ ಪಕ್ಕದಲ್ಲಿದ್ದ ಸುತ್ತು ಉಂಗುರದ ಕೆಳಗೆ ನುಸುಳಿ ಆಚೆ ಮನೆಗೆ ಹೋಗಿದೆ ಅಷ್ಟೇ, ಉಂಗುರ ಸರಿಸಿದರಾಯ್ತು. ಒಂದನೇ ಸಾಲಾದ ಮೇಲೆ ಇದು ಹೆಚ್ಚು, ಅಲ್ಲಿ ಆವರ್ತನೆ ಮುಗಿಯೋದೇ ಸುತ್ತಿನಿಂದ. ಐದು ಮಾತ್ರ ಇದ್ದು ಅಕ್ಕಪಕ್ಕ ಸರಿಯಿದ್ದರೆ ಹೆಚ್ಚಾಗಿ ಒಂದು ಸುತ್ತು ಬಿಟ್ಟುಹೋಗಿದೆ. ಏಳು ಮಾತ್ರ ಇದ್ದರೆ ಒಂದು ಇಳಿಕೆ ತಪ್ಪಿದೆ, ಅಥವಾ ಮೂರರ ಇಳಿಕೆಯಲ್ಲಿ ಎರಡರ ಬದಲು ಒಂದೇ ಕುಣಿಕೆ ದಾಟಿಸಿದ್ದೀರಿ.

ಬಿಟ್ಟ ಸುತ್ತನ್ನು ಹುಡುಕೋದು ಈ ಚಾರ್ಟ್‌ನಲ್ಲಿ ಸುಲಭ, ಏಕೆಂದರೆ ಪ್ರತಿ ಇಳಿಕೆಗೂ ಅದರ ಸುತ್ತು ಅಂಟಿಕೊಂಡೇ ಇದೆ. ಪಕ್ಕದಲ್ಲಿ ತೂತಿಲ್ಲದ ಓರೆ ಕುಣಿಕೆ ಎಲ್ಲಿದೆಯೋ ಅಲ್ಲೇ ಬಿಟ್ಟದ್ದು. ಆ ಎರಡು ಕುಣಿಕೆಗಳ ನಡುವೆ ಅಡ್ಡಲಾಗಿ ಒಂದು ಎಳೆ ಹಾದುಹೋಗಿರುತ್ತೆ. ಉಲ್ಟಾ ಸಾಲಿನಲ್ಲಿ ಆ ಜಾಗಕ್ಕೆ ಬಂದಾಗ ಎಡಗಡ್ಡಿಯನ್ನು ಆ ಎಳೆಯ ಕೆಳಗೆ ಮುಂದಿನಿಂದ ಹಿಂದಕ್ಕೆ ತೂರಿಸಿ ಎತ್ತಿಕೊಂಡು, ಅದನ್ನೂ ಒಂದು ಕುಣಿಕೆ ಅಂತ ಉಲ್ಟಾ ಹೆಣೆದುಬಿಡಿ. ಎಳೆಯನ್ನು ತಿರುಚಬಾರದು, ತಿರುಚಿದರೆ ತೂತು ಮುಚ್ಚಿಕೊಳ್ಳುತ್ತೆ. ಈ ತೂತು ಮಿಕ್ಕವಕ್ಕಿಂತ ಸ್ವಲ್ಪ ಬಿಗಿಯಾಗಿರುತ್ತೆ, ಆದರೆ ತೊಳೆದು ಎಳೆದು ಒಣಗಿಸಿದ ಮೇಲೆ ಬೇರೆಯವರಿಗೆ ಗೊತ್ತಾಗಲ್ಲ. ಇದು ಅದೇ ಉಲ್ಟಾ ಸಾಲಿನಲ್ಲಿ ಸಿಕ್ಕಿದರೆ ಮಾತ್ರ. ನಾಲ್ಕು ಸಾಲು ಮೇಲೆ ಹೋದ ಮೇಲೆ ಆ ಎಳೆಯಲ್ಲಿ ಸಡಿಲವೇ ಉಳಿದಿರಲ್ಲ.

ಎಲ್ಲ ಲೇಸೂ ಇಷ್ಟು ಒಳ್ಳೆ ಸ್ವಭಾವದ್ದಲ್ಲ. ಸ್ಕಾಟ್ಲೆಂಡಿನ ಶೆಟ್ಲ್ಯಾಂಡ್ ದ್ವೀಪಗಳ ‘ಓಲ್ಡ್ ಶೇಲ್’ ಅಂತ ಹೆಸರಾದ ಅಲೆ ಡಿಸೈನ್ ಇದೆ, 18 ಕುಣಿಕೆಯ ಆವರ್ತನೆ. ಅದರಲ್ಲಿ ಮೂರು ಇಳಿಕೆ ಒಟ್ಟಿಗೆ, ಆಮೇಲೆ ಆರು ಸುತ್ತು, ಮತ್ತೆ ಮೂರು ಇಳಿಕೆ. ಯಾವ ಸುತ್ತಿಗೆ ಯಾವ ಇಳಿಕೆ ಜೋಡಿ ಅಂತ ಬೆರಳಿಟ್ಟು ತೋರಿಸೋಕಾಗಲ್ಲ, ಕೋಣೆಯಲ್ಲಿ 18 ಇದೆಯಾ ಅಂತಲೇ ನೋಡಬೇಕು. ಇನ್ನು ಕೆಲವು ಡಿಸೈನ್‌ಗಳಲ್ಲಿ ಸುತ್ತು ಒಂದು ಸಾಲಿನಲ್ಲಿ, ಅದರ ಇಳಿಕೆ ಎರಡು ಸಾಲು ಮೇಲೆ. ಅಲ್ಲಿ ನಡುವಿನ ಸಾಲುಗಳ ಸಂಖ್ಯೆ ಬೇರೆಯೇ ಇರುತ್ತೆ, ಚಾರ್ಟ್ ನೆಟ್ಟಗೆ ಕಾಣಲಿ ಅಂತ ಬೂದು ಬಣ್ಣದ ಖಾಲಿ ಮನೆ ಹಾಕಿರ್ತಾರೆ. ಆ ಮನೆ ಅಂದ್ರೆ ಕಡ್ಡಿಯ ಮೇಲೆ ಏನೂ ಇಲ್ಲ, ಹಾರಿಸಿ ಮುಂದೆ ಹೋಗಿ ಅಂತ. ಹೊಸ ಚಾರ್ಟ್ ಹಿಡಿದಾಗ ಹೆಣೆಯೋ ಮುಂಚೆ ಪ್ರತಿ ಸಾಲಿನ ಸುತ್ತು, ಇಳಿಕೆ ಎಣಿಸಿ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಂಡರೆ ಅದು ಯಾವ ಜಾತಿಯದು ಅಂತ ತಿಳಿಯುತ್ತೆ. ಗುರುತುಗಳ ವಿವರಣೆಯನ್ನೂ ಓದಿ, ಒಂದು ಪುಸ್ತಕದ ಚುಕ್ಕಿ ಸೀದಾ ಆದರೆ ಇನ್ನೊಂದರಲ್ಲಿ ಅದೇ ಉಲ್ಟಾ.

ಮತ್ತೆ ಚಿಗವ್ವನ ಸ್ಕಾರ್ಫ್‌ಗೆ ಬರೋಣ. ಒಂದು ಕುಣಿಕೆಯ ತಪ್ಪಾದರೆ ಆ ಕಂಬದಷ್ಟೇ ಕೆಳಗೆ ಬಿಚ್ಚಿ ಕ್ರೋಶಾ ಕಡ್ಡಿಯಿಂದ ಮೇಲೆತ್ತಬಹುದು. ಇಲ್ಲಿ ಇಡೀ ಸಾಲೇ ಒಂದು ಕುಣಿಕೆ ಸರಿದಿದೆ. ಬಿಚ್ಚೋದೊಂದೇ ದಾರಿ. ಆದರೆ ಲೇಸ್ ಬಿಚ್ಚಿ ಕಡ್ಡಿಗೆ ಮತ್ತೆ ಎತ್ತಿಕೊಳ್ಳೋದು ಸ್ವೆಟರ್‌ನ ಹಾಗಲ್ಲ. ಸುತ್ತುಗಳು ಬರೀ ಎಳೆಗಳು, ಕಡ್ಡಿ ತೆಗೆದ ಕೂಡಲೇ ಮಾಯವಾಗ್ತವೆ, ಇಳಿಕೆಯಲ್ಲಿ ಸೇರಿದ ಮೂರರಲ್ಲಿ ಒಂದು ಹಿಂದೆ ಅವಿತುಕೊಳ್ಳುತ್ತೆ.

ಪುಣ್ಯಕ್ಕೆ ಲೈಫ್‌ಲೈನ್ ಇತ್ತು. 16ನೇ ಸಾಲು ಉಲ್ಟಾ ಮುಗಿದ ಮೇಲೆ ದಬ್ಬಳಕ್ಕೆ ನಯವಾದ ಬಿಳಿ ಹತ್ತಿ ದಾರ ಪೋಣಿಸಿ, ಕಡ್ಡಿಯ ಮೇಲಿದ್ದ ಎಲ್ಲ ಕುಣಿಕೆಗಳ ಒಳಗಿಂದ ದಾಟಿಸಿ ಬಿಟ್ಟಿದ್ದಳು. ಉಂಗುರದ ಒಳಗೆ ಮಾತ್ರ ದಾರ ಹೋಗಬಾರದು, ಹೋದರೆ ಉಂಗುರ ಅಲ್ಲೇ ಕಟ್ಟಿಹಾಕಿದ ಹಾಗಾಗುತ್ತೆ. ಕಡ್ಡಿ ತೆಗೆದು ಎಳೆದರೆ ಬಿಚ್ಚಿಕೊಂಡು ಬಂದ ನೂಲು ಆ ದಾರದ ಹತ್ತಿರ ಬಂದು ನಿಲ್ಲುತ್ತೆ, ದಾರದ ಮೇಲೆ 67 ಕುಣಿಕೆ ಒಂದೂ ಕಳೆಯದೆ ಸಾಲಾಗಿ ಕೂತಿರುತ್ತೆ. ಹನ್ನೆರಡು ಸಾಲು ಹೋಯಿತು. ಲೇಸಿನ 61 ಲೆಕ್ಕ ಹಾಕಿದರೂ 732 ಕುಣಿಕೆ.

‘ಹೋದ್ರ ಹೋಗ್ಲಿ, ನೂಲಂತೂ ಉಳೀತು’ ಅಂದಳು ಚಿಗವ್ವ. ಬಿಚ್ಚಿದ ನೂಲು ಗುಂಗುರಾಗಿತ್ತು. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ, ಒದ್ದೆ ಕೈಯಾಡಿಸಿ, ನೆರಳಲ್ಲಿ ಒಂದು ರಾತ್ರಿ ಬಿಟ್ಟ ಮೇಲೆ ನೆಟ್ಟಗಾಯಿತು.

ಮತ್ತೆ ಶುರು ಮಾಡೋವಾಗ ಮೂರು ಬದಲಾವಣೆ ಮಾಡಿಕೊಂಡಳು. ಒಂಬತ್ತು ಉಂಗುರ ಬಂತು, ಹಳೇ ಕೆಂಪು ದಾರದ್ದು. ಲೈಫ್‌ಲೈನ್ ಹದಿನಾರರ ಬದಲು ಪ್ರತಿ ಎಂಟನೇ ಸಾಲಿಗೆ. ಮೂರನೆಯದು ಚಾರ್ಟ್ ಇಡೋ ರೀತಿ. ಹೆಣೆದಾದ ಸಾಲು ಕಣ್ಣಿಗೆ ಬೀಳದಿರಲಿ ಅಂತ ಕೆಳಗಿನ ಸಾಲುಗಳ ಮೇಲೆ ಸ್ಕೇಲ್ ಇಟ್ಟುಕೊಳ್ಳೋ ಅಭ್ಯಾಸ ಅವಳದು, ಬಹಳ ಜನರದ್ದೂ ಅದೇ. ನನ್ನ ಪ್ರಕಾರ ಅದು ಉಲ್ಟಾ. ಮುಚ್ಚಬೇಕಾದದ್ದು ಮೇಲಿನ, ಇನ್ನೂ ಹೆಣೆಯದ ಸಾಲುಗಳನ್ನು. ಈಗ ಹೆಣೆಯೋ ಸಾಲು ಮತ್ತು ಅದರ ಕೆಳಗಿನವು ಕಾಣ್ತಿರಬೇಕು, ಏಕೆಂದರೆ ಕೆಳಗಿನ ಸಾಲೇ ನಿಮ್ಮ ಕಡ್ಡಿಯ ಕೆಳಗೆ ನೇತಾಡ್ತಿರೋ ಬಟ್ಟೆ. ^ ಕೆಳಗೆ ಚಾರ್ಟ್‌ನಲ್ಲಿ ಏನಿದೆ, ಕಡ್ಡಿಯ ಕೆಳಗೆ ಏನಿದೆ, ಎರಡನ್ನೂ ಒಂದೇ ನೋಟದಲ್ಲಿ ಹೋಲಿಸಬಹುದು.

ನಾಲ್ಕನೆಯದೊಂದನ್ನು ಅವಳೇ ಸೇರಿಸಿದಳು. ಏಳನೇ ಸಾಲಿನ ಎರಡು ತುದಿಯ ಮನೆಗಳಿಗೆ ಅರಿಶಿನ ಹಚ್ಚಿಬಿಟ್ಟಳು. ‘ಅರಿಶಿನ ಕಂಡ್ರ ಅರ್ಧ’ ಅಂತ.

ಕೊನೆಯ ಎಂಟನೇ ಸಾಲಾದ ಮೇಲೆ ಕುಣಿಕೆ ಮುಚ್ಚೋವಾಗ ಒಂದು ಸೈಜ್ ದಪ್ಪ ಕಡ್ಡಿ ತಗೊಂಡರೆ ಒಳ್ಳೇದು, ಬಿಗಿಯಾದರೆ ತುದಿ ಕುಗ್ಗಿ ತೂತು ಅರಳಲ್ಲ. ಆಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ಚಾಪೆಯ ಮೇಲೆ ಹರಡಿ, ಅಂಚು ಎಳೆದು ಗುಂಡುಪಿನ್ ಚುಚ್ಚಿ ಒಣಗಿಸಬೇಕು. ಎಳೆದು ಪಿನ್ ಹಾಕೋ ತನಕ ಲೇಸ್ ಮುದ್ದೆಯಾಗೇ ಕಾಣುತ್ತೆ, ಅದನ್ನು ನೋಡಿ ಕೆಟ್ಟಿದೆ ಅಂದುಕೊಳ್ಳಬೇಡಿ. ಅಂಗಿಗೆ ಹಾಕೋ ತುಕ್ಕು ಹಿಡಿದ ಪಿನ್ ಮಾತ್ರ ಬೇಡ, ಒದ್ದೆ ಉಲ್ಲನ್ ಮೇಲೆ ಬಿದ್ದ ತುಕ್ಕಿನ ಕಲೆ ಹೋಗಲ್ಲ.